ಪ್ರೊಫೆಸರ್ ಹತ್ತಿರ ಸಮಯ ಕೇಳುವ ಮೊದಲು ಒಂದು ಪುಟ ಬರೆಯಿರಿ

ಪಿಎಚ್‌.ಡಿ ಮಾಡಬೇಕು ಎಂದಿರುವವರು ಪ್ರೊಫೆಸರ್‌ಗೆ ಕಳಿಸುವ ಮೊದಲ ಸಂದೇಶ ಹೆಚ್ಚಾಗಿ ಹೀಗಿರುತ್ತದೆ: ‘ನಮಸ್ಕಾರ ಸರ್, ತತ್ವಪದಗಳ ಮೇಲೆ ಸಂಶೋಧನೆ ಮಾಡಬೇಕಂತ ಇದ್ದೇನೆ. ತಮ್ಮ ಮಾರ್ಗದರ್ಶನ ಬೇಕು. ಯಾವಾಗ ಬರಲಿ?’ ಉತ್ತರವೂ ಗೊತ್ತಿರುವುದೇ. ‘ಆಯ್ತು, ಬರ್ರಿ ನೋಡೋಣ.’ ದಿನ ಇಲ್ಲ, ಹೊತ್ತು ಇಲ್ಲ. ಪ್ರೊಫೆಸರ್‌ಗೆ ಮನಸ್ಸಿಲ್ಲ ಅಂತಲ್ಲ. ತಾವು ಯಾವ ಪ್ರಶ್ನೆಗೆ ಉತ್ತರ ಕೊಡಬೇಕು ಅನ್ನೋದೇ ಆ ಸಂದೇಶದಲ್ಲಿ ಇಲ್ಲ.

ಒಂದು ಉದಾಹರಣೆ ಇಟ್ಟುಕೊಂಡೇ ಪೂರ್ತಿ ನೋಡೋಣ. ಜೇವರ್ಗಿ ಕಡೆಯ ಒಬ್ಬ ವಿದ್ಯಾರ್ಥಿನಿ ಅಂದುಕೊಳ್ಳಿ. ಕನ್ನಡ ಎಂ.ಎ ಆಗಿದೆ, ನೆಟ್ ಪಾಸಾಗಿದೆ. ಕಲಬುರಗಿಯಲ್ಲಿ ಒಬ್ಬ ಕನ್ನಡ ಪ್ರೊಫೆಸರ್ ಅವರನ್ನು ಕಂಡು ವಿಷಯದ ಬಗ್ಗೆ ಮಾತಾಡಬೇಕು. ಆಕೆಯ ಮನಸ್ಸಿನಲ್ಲಿರುವುದು ಕಡಕೋಳ ಮಡಿವಾಳಪ್ಪನವರ ತತ್ವಪದಗಳು. ಕಡಕೋಳ ಈಗ ಯಡ್ರಾಮಿ ತಾಲ್ಲೂಕಿನಲ್ಲಿದೆ, ಮೊದಲು ಜೇವರ್ಗಿ ತಾಲ್ಲೂಕಿಗೆ ಸೇರಿತ್ತು. ಆ ಭಾಗದ ಭಜನೆ ಮೇಳಗಳು ಇವತ್ತಿಗೂ ಆ ಪದಗಳನ್ನು ಹಾಡುತ್ತವೆ.

ಮೊದಲು ಹುಡುಕಾಟ

‘ಕಡಕೋಳ ಮಡಿವಾಳಪ್ಪನವರ ತತ್ವಪದಗಳು: ಒಂದು ಅಧ್ಯಯನ’ ಅಂತ ಬರೆದುಕೊಂಡು ಹೋದರೆ ಭೇಟಿ ಎರಡು ನಿಮಿಷಕ್ಕೆ ಮುಗಿಯುತ್ತದೆ. ‘ಇದು ಆಗ್ಯಾದಲ್ಲ’ ಅಂತಾರೆ, ಅಷ್ಟೇ. ಅದನ್ನು ನೀವೇ ಮೊದಲು ನೋಡಿಕೊಂಡಿರಬೇಕು.

ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ ಪ್ರಬಂಧಗಳು ಶೋಧಗಂಗಾದಲ್ಲಿ ಸಿಗುತ್ತವೆ. ವಿಳಾಸ shodhganga.inflibnet.ac.in. ನೋಡಲು ದುಡ್ಡು ಕೊಡಬೇಕಿಲ್ಲ. ಆದರೆ ಹುಡುಕುವಾಗ ಒಂದು ತೊಡಕಿದೆ. ಕನ್ನಡ ಪ್ರಬಂಧಗಳ ಶೀರ್ಷಿಕೆಯನ್ನು ಎಷ್ಟೋ ಕಡೆ ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. Tatvapada ಅಂತ ಹಾಕಿ ಏನೂ ಸಿಗಲಿಲ್ಲ ಅಂತ ಬಿಡಬೇಡಿ. Tattvapada, Tathvapada ಅಂತಲೂ ಹಾಕಿ. Kadakola ಆದ ಮೇಲೆ Kadkol ಅಂತಲೂ ನೋಡಿ. ಆಮೇಲೆ ಕನ್ನಡ ಲಿಪಿಯಲ್ಲೂ ಟೈಪ್ ಮಾಡಿ. ಎಲ್ಲ ಹಳೆಯ ಪ್ರಬಂಧಗಳೂ ಅಲ್ಲಿ ಬಂದಿಲ್ಲ. ಹಾಗಾಗಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪ್ರಬಂಧಗಳ ವಿಭಾಗಕ್ಕೂ ಒಂದು ಸಲ ಹೋಗಿ ಬನ್ನಿ.

ಸಿಕ್ಕ ಪ್ರಬಂಧಗಳನ್ನೆಲ್ಲ ಪೂರ್ತಿ ಓದಬೇಕಾಗಿಲ್ಲ. ಪರಿವಿಡಿ, ಮೊದಲ ಅಧ್ಯಾಯ, ಕೊನೆಯ ಅಧ್ಯಾಯ ಸಾಕು. ಅವರು ಏನು ಮಾಡಿದ್ದಾರೆ, ಎಲ್ಲಿಗೆ ನಿಲ್ಲಿಸಿದ್ದಾರೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ವಿಷಯವನ್ನು ಸಣ್ಣದು ಮಾಡುವುದು

ಇಲ್ಲಿ ಜಾಸ್ತಿ ಸಮಯ ಕೊಡಿ. ನಮ್ಮ ವಿದ್ಯಾರ್ಥಿನಿಗೆ ಒಂದು ಅನುಕೂಲ ಇದೆ. ಆಕೆಯ ಊರಲ್ಲಿ ಅಮಾವಾಸ್ಯೆ ರಾತ್ರಿ ಭಜನೆ ನಡೆಯುತ್ತದೆ. ಹಾರ್ಮೋನಿಯಂ, ತಬಲಾ, ತಾಳ ಇಟ್ಟುಕೊಂಡು ಬೆಳಗಿನವರೆಗೂ ಹಾಡುತ್ತಾರೆ. ಆಕೆ ಗಮನಿಸಿದ್ದು ಇಷ್ಟು: ಅಚ್ಚಾದ ಪುಸ್ತಕದಲ್ಲಿ ಐದು ನುಡಿ ಇರುವ ಪದವನ್ನು ತಮ್ಮೂರ ಮೇಳ ನಾಲ್ಕೇ ನುಡಿ ಹಾಡುತ್ತದೆ. ಪಕ್ಕದೂರಿನ ಮೇಳ ಐದೂ ಹಾಡುತ್ತದೆ, ಆದರೆ ಕೊನೆಯ ನುಡಿಯ ಅಂಕಿತವೇ ಬೇರೆ.

ಪ್ರಶ್ನೆ ಇರುವುದು ಇಲ್ಲಿ. ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರಿನ ಜಲಾಲಸಾಹೇಬರಂಥವರೂ ಇದ್ದರು, ಅವರೂ ಪದ ಕಟ್ಟಿದವರೇ. ಗುರುವಿನ ಪದ, ಶಿಷ್ಯರ ಪದ ಎರಡೂ ಒಂದೇ ಭಜನೆಯಲ್ಲಿ ಬಾಯಿಂದ ಬಾಯಿಗೆ ಬಂದಿರುವಾಗ ಸಾಲುಗಳು ಅದಲು ಬದಲಾಗುವುದು ಸಹಜ. ಯಾವ ಸಾಲು ಬಿಟ್ಟುಹೋಗುತ್ತದೆ, ಯಾವುದು ಸೇರುತ್ತದೆ, ಹಾಡುವವರು ಅದಕ್ಕೆ ಏನು ಕಾರಣ ಕೊಡುತ್ತಾರೆ? ‘ಒಂದು ಅಧ್ಯಯನ’ ಅನ್ನೋದು ಈಗ ಒಂದು ನಿಜವಾದ ಪ್ರಶ್ನೆ ಆಯಿತು. ಅಚ್ಚಿನ ಪಾಠ ಮುಂದಿದೆ, ಹಾಡುವ ಪಾಠ ಕಿವಿಯಲ್ಲಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

ನಿಮ್ಮ ವಿಷಯ ಸಾಕಷ್ಟು ಸಣ್ಣದಾಗಿದೆಯೋ ಇಲ್ಲವೋ ಅಂತ ತಿಳಿಯಬೇಕಾದರೆ ‘ನಾಳೆ ಬೆಳಗ್ಗೆ ಕೆಲಸ ಶುರು ಮಾಡಿದರೆ ಮೊದಲು ಏನನ್ನು ಕೈಗೆ ತಗೋತೀನಿ?’ ಅಂತ ಕೇಳಿಕೊಳ್ಳಿ. ಒಂದು ಪುಸ್ತಕದ ಹೆಸರೋ, ಒಂದು ಊರಿನ ಹೆಸರೋ ತಕ್ಷಣ ಬಾಯಿಗೆ ಬರಬೇಕು. ಬರದಿದ್ದರೆ ವಿಷಯ ಇನ್ನೂ ದೊಡ್ಡದಿದೆ.

ಒಂದು ಪುಟದ ಟಿಪ್ಪಣಿ

ಸಾರಲೇಖ ಬೇರೆ, ಇದು ಬೇರೆ. ವಿಶ್ವವಿದ್ಯಾಲಯಕ್ಕೆ ಕೊಡುವ ಸಾರಲೇಖ ಹಲವು ಪುಟ ಇರುತ್ತದೆ. ಭೇಟಿಗೆ ಮುಂಚೆ ಕಳಿಸುವುದು ಒಂದೇ ಪುಟ, ಸುಮಾರು 300 ಶಬ್ದ. ಪೀಠಿಕೆ ಬೇಡ. ‘ಕನ್ನಡ ಸಾಹಿತ್ಯಕ್ಕೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ’ ಅನ್ನುವ ಸಾಲು ಕನ್ನಡ ಪ್ರೊಫೆಸರ್‌ಗೆ ಬೇಕಾಗಿಲ್ಲ.

ತಾತ್ಕಾಲಿಕ ಶೀರ್ಷಿಕೆ ಹಾಕಿ. ಅದರ ಕೆಳಗೆ ಪ್ರಶ್ನೆ, ಎರಡು ಮೂರು ಸಾಲಿನಲ್ಲಿ. ಆಮೇಲೆ ಸಾಮಗ್ರಿ: ಯಾವ ಅಚ್ಚಿನ ಸಂಪುಟ, ಯಾವ ಊರುಗಳ ಮೇಳ, ಎಷ್ಟು ಪದ. ನಮ್ಮ ವಿದ್ಯಾರ್ಥಿನಿ ‘ಎಲ್ಲ ಪದಗಳು’ ಅಂತ ಬರೆಯದೆ ‘ಎಂಟು ಮೇಳಗಳಲ್ಲಿ ಸಾಮಾನ್ಯವಾಗಿ ಹಾಡುವ 25 ಪದಗಳು’ ಅಂತ ಬರೆಯುತ್ತಾಳೆ. ಆ ಸಂಖ್ಯೆ ಆಮೇಲೆ ಬದಲಾಗಬಹುದು. ಆದರೆ ಸಂಖ್ಯೆ ಇದ್ದರೆ ಪ್ರೊಫೆಸರ್ ‘ಎಂಟು ಜಾಸ್ತಿ ಆಯ್ತು, ನಾಲ್ಕು ಮಾಡ್ರಿ’ ಅಂತ ಹೇಳಲು ಸಾಧ್ಯ. ಈ ವಿಷಯದ ಮೇಲೆ ಈಗಾಗಲೇ ಆಗಿರುವ ಕೆಲಸವನ್ನು ನಾಲ್ಕು ಸಾಲಿನಲ್ಲಿ ಹೇಳಿ.

ಕೊನೆಗೆ ನಿಮ್ಮ ಅನುಮಾನಗಳು. ಹೆಚ್ಚಿನವರು ಬಿಡುವುದು ಇದನ್ನೇ, ಭೇಟಿ ನಿಂತಿರುವುದೂ ಇದರ ಮೇಲೆಯೇ. ಆಕೆಯ ಅನುಮಾನಗಳು ಎರಡು. ಅಂಕಿತ ಬದಲಾದ ಪದವನ್ನು ಯಾರ ಪದ ಅಂತ ಲೆಕ್ಕ ಹಿಡಿಯಬೇಕು? ಅಚ್ಚಿನ ಸಂಪುಟಗಳ ನಡುವೆಯೇ ವ್ಯತ್ಯಾಸ ಇದ್ದರೆ ಹೋಲಿಕೆಗೆ ಯಾವುದನ್ನು ಆಧಾರ ಮಾಡಿಕೊಳ್ಳಬೇಕು? ಅನುಭವ ಇರುವವರು ಇವೆರಡಕ್ಕೂ ಅರ್ಧ ಗಂಟೆಯಲ್ಲಿ ದಾರಿ ತೋರಿಸಬಲ್ಲರು.

ಆಗುವುದಾದರೆ ಒಂದು ಪದದ ಎರಡು ಪಾಠವನ್ನು ಅಕ್ಕಪಕ್ಕ ಬರೆದು ಎರಡನೇ ಪುಟವಾಗಿ ಸೇರಿಸಿ. ಎಡಗಡೆ ಅಚ್ಚಿನದು, ಬಲಗಡೆ ಮೇಳದವರು ಹಾಡಿದ್ದು, ವ್ಯತ್ಯಾಸ ಇರುವ ಸಾಲಿಗೆ ಗೆರೆ. ಕೆಳಗೆ ಊರು, ತಾರೀಖು, ಹಾಡಿದವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿದ್ದು ಎಂಬ ಒಂದು ಸಾಲು. ಹತ್ತು ಪುಟದ ಪೀಠಿಕೆ ಮಾಡದ ಕೆಲಸವನ್ನು ಈ ಒಂದು ಹಾಳೆ ಮಾಡುತ್ತದೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಪತ್ರ

ಇಮೇಲ್‌ನಲ್ಲಿ ಬರೆಯುವುದು ಇಷ್ಟಿದ್ದರೆ ಸಾಕು:

ವಿಷಯ: ತತ್ವಪದಗಳ ಪಾಠಾಂತರ ಕುರಿತು ಚರ್ಚಿಸಲು 30 ನಿಮಿಷದ ಭೇಟಿಗೆ ಮನವಿ

ಮಾನ್ಯ ಸರ್, ನಮಸ್ಕಾರ.

ನಾನು ಜೇವರ್ಗಿ ತಾಲ್ಲೂಕಿನವಳು. ಕನ್ನಡ ಎಂ.ಎ ಮುಗಿಸಿ ನೆಟ್ ಪಾಸಾಗಿದ್ದೇನೆ. ಕಡಕೋಳ ಮಡಿವಾಳಪ್ಪನವರ ಪದಗಳು ಅಚ್ಚಿನಲ್ಲಿ ಇರುವುದಕ್ಕೂ ಭಜನೆ ಮೇಳಗಳಲ್ಲಿ ಹಾಡುವುದಕ್ಕೂ ಇರುವ ವ್ಯತ್ಯಾಸವನ್ನು ಪಿಎಚ್‌.ಡಿಗೆ ವಿಷಯ ಮಾಡಿಕೊಳ್ಳಬೇಕೆಂದಿದ್ದೇನೆ. ಒಂದು ಪುಟದ ಟಿಪ್ಪಣಿ ಮತ್ತು ಒಂದು ಪದದ ಎರಡು ಪಾಠಗಳನ್ನು ಲಗತ್ತಿಸಿದ್ದೇನೆ.

ಅಂಕಿತ ಬದಲಾದ ಪದಗಳನ್ನು ಹೇಗೆ ವಿಂಗಡಿಸಬೇಕು, ಹೋಲಿಕೆಗೆ ಯಾವ ಪಾಠ ಆಧಾರವಾಗಬೇಕು, ಈ ಎರಡು ವಿಚಾರಗಳಲ್ಲಿ ತಮ್ಮ ಸಲಹೆ ಬೇಕಿದೆ. ಮುಂದಿನ ವಾರ ಮಂಗಳವಾರ ಅಥವಾ ಗುರುವಾರ 11 ಗಂಟೆಯ ನಂತರ ತಮಗೆ ಅನುಕೂಲವಿದ್ದರೆ ವಿಭಾಗಕ್ಕೆ ಬಂದು ಕಾಣುತ್ತೇನೆ. ಬೇರೆ ದಿನ ತಿಳಿಸಿದರೂ ಬರುತ್ತೇನೆ.

ವಂದನೆಗಳೊಂದಿಗೆ,
(ಹೆಸರು, ಮೊಬೈಲ್ ಸಂಖ್ಯೆ)

‘ನನ್ನನ್ನು ತಮ್ಮ ವಿದ್ಯಾರ್ಥಿಯಾಗಿ ತೆಗೆದುಕೊಳ್ಳಿ’ ಅನ್ನುವ ಮಾತು ಈ ಪತ್ರದಲ್ಲಿ ಇಲ್ಲ. ಬೇಕಂತಲೇ ಬಿಟ್ಟಿದ್ದು. ಯುಜಿಸಿಯ 2022ರ ನಿಯಮದ ಪ್ರಕಾರ ಒಂದು ಹೊತ್ತಿಗೆ ಪ್ರೊಫೆಸರ್ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಪಿಎಚ್‌.ಡಿ ವಿದ್ಯಾರ್ಥಿಗಳಿಗಿಂತ ಜಾಸ್ತಿ ಜನರಿಗೆ ಮಾರ್ಗದರ್ಶನ ಮಾಡುವಂತಿಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಸೀಟು ಕೇಳಿದರೆ ಅವರು ಮೊದಲು ಈ ಲೆಕ್ಕ ನೋಡಬೇಕಾಗುತ್ತದೆ. ಸಲಹೆ ಕೇಳಿದರೆ ಸೀಟು ಇಲ್ಲದವರೂ ಕೂತು ಮಾತಾಡುತ್ತಾರೆ. ಸೀಟಿನ ವಿಚಾರ ಭೇಟಿಯ ಕೊನೆಗೆ ಕೇಳಬಹುದು.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಮಾತು. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಮಾಡಿದ ವರ್ಡ್ ಕಡತವನ್ನು ಹಾಗೇ ಕಳಿಸಿದರೆ ಪ್ರೊಫೆಸರ್ ಮೊಬೈಲ್‌ನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆಯುತ್ತದೆ. ಟಿಪ್ಪಣಿಯನ್ನು ಪಿಡಿಎಫ್ ಮಾಡಿ, ಪತ್ರವನ್ನು ಯೂನಿಕೋಡ್‌ನಲ್ಲಿ ಬರೆಯಿರಿ. ಮೊದಲು ನಿಮ್ಮದೇ ಇನ್ನೊಂದು ಮೊಬೈಲ್‌ಗೆ ಕಳಿಸಿ ತೆರೆದು ನೋಡಿ. ಕಡತಕ್ಕೆ final new 2 ಅಂತ ಹೆಸರಿಡದೆ ನಿಮ್ಮ ಹೆಸರು, ವಿಷಯ ಇಡಿ. ತಿಂಗಳಾದ ಮೇಲೆ ಹುಡುಕಿದರೂ ಸಿಗಬೇಕು.

ಉತ್ತರ ಬರದಿದ್ದರೆ

ಎಂಟು ಹತ್ತು ದಿನ ಕಾಯಿರಿ. ಪರೀಕ್ಷೆ, ಮೌಲ್ಯಮಾಪನ ನಡೆಯುತ್ತಿದ್ದರೆ ಇನ್ನೂ ತಡ ಆಗಬಹುದು. ಆಮೇಲೆ ಅದೇ ಇಮೇಲ್‌ಗೆ ಎರಡು ಸಾಲಿನ ನೆನಪೋಲೆ ಹಾಕಿ, ಹೊಸ ಪತ್ರ ಬೇಡ. ಅದಕ್ಕೂ ಉತ್ತರ ಇಲ್ಲದಿದ್ದರೆ ಟಿಪ್ಪಣಿಯ ಪ್ರಿಂಟ್ ಹಿಡಿದು ವಿಭಾಗಕ್ಕೆ ಹೋಗಿ, ‘ಈಗ ಹತ್ತು ನಿಮಿಷ ಸಿಗಬಹುದಾ ಸರ್, ಇಲ್ಲಾಂದ್ರ ಬೇರೆ ದಿನ ಹೇಳ್ರಿ’ ಅಂತ ಕೇಳಿ. ನಮ್ಮ ಕಡೆ ಇದು ತಪ್ಪಲ್ಲ.

ದೂರದಿಂದ ಬರುವವರು ಹೊರಡುವ ಮೊದಲು ವಿಭಾಗಕ್ಕೆ ಫೋನ್ ಮಾಡುವುದು ಒಳ್ಳೆಯದು. ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಕಲಬುರಗಿ ಊರೊಳಗೆ ಅಲ್ಲ, ಆಳಂದ ರಸ್ತೆಯ ಕಡಗಂಚಿಯಲ್ಲಿ. ಬೀದರಿನಿಂದಲೋ ಯಾದಗಿರಿಯಿಂದಲೋ ಬಂದು ‘ಸರ್ ಇವತ್ತು ಇಲ್ರಿ’ ಅಂತ ಕೇಳಿಸಿಕೊಂಡರೆ ಒಂದು ದಿನ ಹಾಳು. ಬೇಸಿಗೆಯಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಹೊತ್ತು ಬೆಳಗ್ಗೆಗೆ ಬದಲಾಗುತ್ತದೆ. ಏಪ್ರಿಲ್, ಮೇನಲ್ಲಿ ಭೇಟಿ ಇದ್ದರೆ ಅವರು ಎಷ್ಟು ಗಂಟೆಯವರೆಗೆ ಇರುತ್ತಾರೆ ಅಂತಲೂ ಕೇಳಿಕೊಳ್ಳಿ.

ಭೇಟಿಯ ದಿನ

ಶಾಲು, ಹಾರ ಬೇಡ. ಟಿಪ್ಪಣಿಯ ಎರಡು ಪ್ರಿಂಟ್ ಇರಲಿ, ಒಂದು ಅವರಿಗೆ, ಒಂದು ನಿಮಗೆ. ಅವರ ಮಾತನ್ನು ರೆಕಾರ್ಡ್ ಮಾಡಬೇಕಿದ್ದರೆ ಮೊದಲೇ ಕೇಳಿ.

ಪ್ರೊಫೆಸರ್ ಬಹುಶಃ ಮೊದಲು ಕೇಳುವುದು ‘ಏನ್ ಮಾಡಬೇಕಂತ ಮಾಡೀರಿ?’ ಅಂತ. ಟಿಪ್ಪಣಿ ಓದಿ ಹೇಳಬೇಡಿ. ‘ನಮ್ಮೂರ ಮೇಳ ಈ ನುಡಿ ಬಿಟ್ಟು ಹಾಡುತ್ತೆ ಸರ್, ಪುಸ್ತಕದಲ್ಲಿ ಇದೆ’ ಅಂತ ಎರಡು ಪಾಠದ ಹಾಳೆ ಮುಂದಿಟ್ಟು ಅಲ್ಲಿಂದ ಶುರು ಮಾಡಿ. ಅವರು ‘ಹಾಡುವವರನ್ನ ಕೇಳೀರಾ, ಯಾಕ ಬಿಡ್ತಾರ?’ ಅಂದರೆ, ಕೇಳಿಲ್ಲದಿದ್ದರೆ ಕೇಳಿಲ್ಲ ಅಂತ ಹೇಳಿ. ಅದೇ ನಿಮ್ಮ ಮುಂದಿನ ಕೆಲಸ. ವಿಷಯವನ್ನೇ ಬದಲಿಸಿ ಅಂದರೆ ಅಲ್ಲೇ ಒಪ್ಪುವುದೂ ಬೇಡ, ವಾದವೂ ಬೇಡ. ಕಾರಣ ಕೇಳಿ ಬರೆದುಕೊಳ್ಳಿ. ಸಾಮಗ್ರಿ ಸಿಗುವುದಿಲ್ಲ ಅನ್ನುವುದು ಬೇರೆ ಕಾರಣ, ಈಗಾಗಲೇ ಆಗಿದೆ ಅನ್ನುವುದು ಬೇರೆ. ಎರಡನೆಯದಾದರೆ ಯಾರ ಪ್ರಬಂಧ ಅಂತ ಕೇಳಿ, ಹುಡುಕಿ ಓದಿ.

ಅವತ್ತೇ ಸಂಜೆ, ತಪ್ಪಿದರೆ ಮರುದಿನ, ಅದೇ ಇಮೇಲ್‌ನಲ್ಲಿ ಐದಾರು ಸಾಲು ಬರೆಯಿರಿ. ‘ತಾವು ಹೇಳಿದಂತೆ ಮೇಳಗಳನ್ನು ಎಂಟರಿಂದ ನಾಲ್ಕಕ್ಕೆ ಇಳಿಸಿದ್ದೇನೆ. ಅಂಕಿತ ಬದಲಾದ ಪದಗಳನ್ನು ಬೇರೆ ಪಟ್ಟಿ ಮಾಡುತ್ತೇನೆ. ಮುಂದಿನ ಅಮಾವಾಸ್ಯೆಯ ಭಜನೆಯಲ್ಲಿ ಹಾಡುವವರನ್ನು ಮಾತಾಡಿಸಿ, ತಿಂಗಳ ಕೊನೆಯೊಳಗೆ ಐದು ಪದಗಳ ಹೋಲಿಕೆ ಕಳಿಸುತ್ತೇನೆ.’ ನೀವು ಕೇಳಿಸಿಕೊಂಡದ್ದರಲ್ಲಿ ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ಹೇಳಿದ ದಿನಕ್ಕೆ ಆ ಐದು ಪದ ಕಳಿಸಿ, ಎರಡನೇ ಭೇಟಿಯ ದಿನವನ್ನು ಅದರ ಜೊತೆಗೇ ಕೇಳಿ.