ಗೇಮಿಂಗ್ ಪಿಸಿ ಕೊಳ್ಳುವ ಮುನ್ನ: ಪಟ್ಟಿಯಲ್ಲಿ ಬರೆಯದೆ ಬಿಟ್ಟಿದ್ದನ್ನು ಓದುವುದು ಹೇಗೆ?

ಜೋಡಿಸಿಟ್ಟ ಗೇಮಿಂಗ್ ಪಿಸಿಯ ಜಾಹೀರಾತು ಕೈಗೆ ಸಿಕ್ಕಾಗ ಬೆಲೆ ನೋಡುವ ಮೊದಲು ಒಂದು ಪೆನ್ನು ತೆಗೆದುಕೊಳ್ಳಿ. ಕಂಪನಿಯ ಹೆಸರು ಮತ್ತು ಮಾಡೆಲ್ ಎರಡೂ ಪೂರ್ತಿ ಇಲ್ಲದ ಸಾಲುಗಳಿಗೆಲ್ಲ ಗೀಟು ಹಾಕಿ. ಮಾರುವವರು ಒಳ್ಳೆಯ ಭಾಗ ಹಾಕಿದ್ದರೆ ಅದರ ಹೆಸರನ್ನು ಖಂಡಿತ ಬರೆಯುತ್ತಾರೆ, ಏಕೆಂದರೆ ಗಿರಾಕಿ ಬರುವುದೇ ಆ ಹೆಸರಿಗೆ. ಹೆಸರಿಲ್ಲದ ಸಾಲಿನಲ್ಲೇ ಸಾಮಾನ್ಯವಾಗಿ ದುಡ್ಡು ಉಳಿಸಿರುತ್ತಾರೆ. ಆನ್‌ಲೈನ್ ಮಳಿಗೆಗಳಲ್ಲಾಗಲಿ, ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಾಗಲಿ ಸಿಗುವ ಪಟ್ಟಿಗಳು ಬಹುಪಾಲು ಹೀಗಿರುತ್ತವೆ:

```
Processor   : AMD Ryzen 5 5500
Graphics    : NVIDIA RTX 3050
RAM         : 16GB DDR4
Storage     : 512GB SSD
Motherboard : A520 Gaming
SMPS        : 500W
Cabinet     : RGB, 4 Fans, Tempered Glass
OS          : Windows 11 Pro
Warranty    : 1 Year
```

ಮೇಲ್ನೋಟಕ್ಕೆ ಯಾವ ಕೊರತೆಯೂ ಇಲ್ಲ. ಆದರೆ ಪೂರ್ತಿ ಹೆಸರಿರುವುದು ಪ್ರೊಸೆಸರ್ ಒಂದಕ್ಕೇ. ಉಳಿದ ಎಲ್ಲ ಸಾಲುಗಳಿಗೂ ಗೀಟು ಬೀಳುತ್ತದೆ. ಇನ್ನು ಒಂದೊಂದಾಗಿ ನೋಡೋಣ.

ಪ್ರೊಸೆಸರ್: ನಂಬರ್ ಕೊನೆಯವರೆಗೆ ಓದಿ

ಬರೀ ‘ಕೋರ್ ಐ7’ ಎಂದಿದ್ದು ಮುಂದೆ ನಂಬರ್ ಇಲ್ಲದಿದ್ದರೆ ಆ ಪಟ್ಟಿಯನ್ನು ಅಲ್ಲಿಗೇ ಬಿಡಬಹುದು. ತೀರಾ ಕಡಿಮೆ ಬೆಲೆಯ ಇಂಥ ಪಿಸಿಗಳಲ್ಲಿ ಐ7-3770ರಂಥ, 2012ರಲ್ಲಿ ಬಂದ ಪ್ರೊಸೆಸರ್‌ಗಳು ಇರುತ್ತವೆ. ಅದಕ್ಕೆ ಹಳೆಯ ಡಿಡಿಆರ್3 ರ‍್ಯಾಮ್ ಬೇಕು, ವಿಂಡೋಸ್ 11 ಅದನ್ನು ಅಧಿಕೃತವಾಗಿ ಬೆಂಬಲಿಸುವುದಿಲ್ಲ. ಇಂಟೆಲ್‌ನ ಆ ಸರಣಿಯಲ್ಲಿ ಅಡ್ಡಗೆರೆಯ ನಂತರ ನಾಲ್ಕು ಅಂಕಿಗಳಿದ್ದರೆ ಮೊದಲನೆಯದು, ಐದಿದ್ದರೆ ಮೊದಲ ಎರಡು ತಲೆಮಾರನ್ನು ಹೇಳುತ್ತವೆ: 3770 ಎಂದರೆ ಮೂರನೆಯದು, 12400 ಎಂದರೆ ಹನ್ನೆರಡನೆಯದು. ಹನ್ನೆರಡನೇ ತಲೆಮಾರಿನ ಐ5, ಮೂರನೇ ತಲೆಮಾರಿನ ಐ7ಗಿಂತ ಎಷ್ಟೋ ಮುಂದಿದೆ.

ನಮ್ಮ ಪಟ್ಟಿಯಲ್ಲಿರುವುದು ರೈಜನ್ 5 5500. ಇದರ ಪಕ್ಕದ 5600ಕ್ಕೂ ಆರು ಕೋರ್, ಹನ್ನೆರಡು ಥ್ರೆಡ್. ಹೆಸರಿನಲ್ಲಿ ಒಂದೇ ಅಂಕಿಯ ವ್ಯತ್ಯಾಸ. ಆದರೆ 5600ರಲ್ಲಿ 32 ಎಂಬಿ ಎಲ್3 ಕ್ಯಾಶ್ ಇದ್ದರೆ 5500ರಲ್ಲಿ ಅದರರ್ಧ, 16 ಎಂಬಿ. ಗೇಮ್‌ಗಳು ಪದೇ ಪದೇ ಕೇಳುವ ಮಾಹಿತಿ ಈ ಕ್ಯಾಶ್‌ನಲ್ಲಿ ಸಿಗದಿದ್ದರೆ ಪ್ರೊಸೆಸರ್ ರ‍್ಯಾಮ್‌ವರೆಗೆ ಹೋಗಿ ಬರಬೇಕು. ಆರ್‌ಟಿಎಕ್ಸ್ 3050ರಂಥ ಸಾಧಾರಣ ಕಾರ್ಡ್ ಜೊತೆಗೆ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಮುಂದೆ ದೊಡ್ಡ ಕಾರ್ಡ್ ಹಾಕುವ ಯೋಚನೆ ಇದ್ದರೆ ಮಾತ್ರ 5600 ಕೇಳಿ. 5500 ಕೆಟ್ಟ ಪ್ರೊಸೆಸರ್ ಅಲ್ಲ, 5600ರ ಬೆಲೆಗೆ ಅದನ್ನು ಕೊಳ್ಳಬಾರದು ಅಷ್ಟೆ.

ಗ್ರಾಫಿಕ್ಸ್ ಕಾರ್ಡ್: ಒಂದೇ ಹೆಸರು, ಎರಡು ವಸ್ತು

ಗೇಮಿಂಗ್ ಪಿಸಿಯ ಬೆಲೆಯಲ್ಲಿ ದೊಡ್ಡ ಪಾಲು ಈ ಸಾಲಿನದು. ಹಾಗಾಗಿ ಇಲ್ಲಿ ಒಂದು ಪದ ಬಿಟ್ಟರೂ ನಿಮ್ಮ ನಷ್ಟ ದೊಡ್ಡದು. ಪಟ್ಟಿಯಲ್ಲಿ ‘ಆರ್‌ಟಿಎಕ್ಸ್ 3050’ ಎಂದಷ್ಟೇ ಇದೆ, ಎಷ್ಟು ಜಿಬಿ ಎಂದು ಬರೆದಿಲ್ಲ. ಆ ಹೆಸರಿನಲ್ಲಿ 2022ರಲ್ಲಿ ಬಂದದ್ದು 8 ಜಿಬಿಯ ಕಾರ್ಡ್. 2024ರಲ್ಲಿ ಅದೇ ಹೆಸರಿಗೆ 6 ಜಿಬಿಯ ಇನ್ನೊಂದು ಬಂತು. ಕಡಿಮೆಯಾದದ್ದು ಮೆಮೊರಿ ಮಾತ್ರ ಎಂದುಕೊಂಡರೆ ತಪ್ಪು. ಕೋರ್‌ಗಳು 2560ರಿಂದ 2304ಕ್ಕೆ ಇಳಿದವು. ಮೆಮೊರಿಗೂ ಚಿಪ್‌ಗೂ ನಡುವಿನ ದಾರಿ, ಅಂದರೆ ಬಸ್, 128 ಬಿಟ್‌ನಿಂದ 96 ಬಿಟ್‌ಗೆ ಕಿರಿದಾಯಿತು. ಕಾರ್ಡ್ ಎಳೆಯುವ ವಿದ್ಯುತ್ 130 ವಾಟ್‌ನಿಂದ 70ಕ್ಕೆ ಬಂತು. 6 ಜಿಬಿಯದು ಕಡಿಮೆ ಕರೆಂಟ್ ಬಳಸುವ ಒಳ್ಳೆಯ ಚಿಕ್ಕ ಕಾರ್ಡೇ, ಆದರೆ ಅದು ಬೇರೆ ಕಾರ್ಡ್. ಆರ್‌ಟಿಎಕ್ಸ್ 3060ರಲ್ಲೂ ಹೀಗೇ 12 ಜಿಬಿ, 192 ಬಿಟ್‌ನದೊಂದು, 8 ಜಿಬಿ, 128 ಬಿಟ್‌ನದೊಂದು ಇವೆ.

ಜಾಹೀರಾತಿನ ಫೋಟೊ ನಿಜವಾದ ಪಿಸಿಯದೇ ಆಗಿದ್ದರೆ ಅದರಲ್ಲೇ ಸುಳಿವು ಸಿಗುತ್ತದೆ. ಗಾಜಿನ ಬದಿಯಿಂದ ಗ್ರಾಫಿಕ್ಸ್ ಕಾರ್ಡ್‌ನ ಅಂಚು ನೋಡಿ. 8 ಜಿಬಿಯ 3050ಗೆ ಪಿಸಿಗೆಲ್ಲ ವಿದ್ಯುತ್ ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ವೈರ್ ಬರಬೇಕು, ಹೆಚ್ಚಾಗಿ 8 ಪಿನ್ನಿನದು. 6 ಜಿಬಿಯ ಕಾರ್ಡ್‌ಗಳು ಸಾಮಾನ್ಯವಾಗಿ ಮದರ್‌ಬೋರ್ಡ್ ಸ್ಲಾಟ್‌ನಿಂದಲೇ ವಿದ್ಯುತ್ ಪಡೆಯುತ್ತವೆ. ಕಾರ್ಡ್‌ಗೆ ಒಂದೂ ವೈರ್ ಹೋಗಿಲ್ಲವೆಂದರೆ ಅದು 6 ಜಿಬಿಯದೆಂದೇ ಲೆಕ್ಕ ಹಾಕಿಕೊಳ್ಳಿ.

ಇದಕ್ಕೆ ತದ್ವಿರುದ್ಧ ಮೋಸ ಅಗ್ಗದ ಪಿಸಿಗಳಲ್ಲಿ ನಡೆಯುತ್ತದೆ. ಅಲ್ಲಿ ಜಿಬಿ ಮಾತ್ರ ಬರೆದು ಹೆಸರು ಬಿಡುತ್ತಾರೆ. ‘4 ಜಿಬಿ ಗ್ರಾಫಿಕ್ಸ್ ಕಾರ್ಡ್’ ಎಂದರೆ ಜಿಟಿ 730 ಕೂಡ ಆಗಿರಬಹುದು. 2014ರ ಆ ಕಾರ್ಡ್‌ಗೆ ಎಷ್ಟೇ ಮೆಮೊರಿ ಅಂಟಿಸಿದರೂ ಇಂದಿನ ಗೇಮ್ ಓಡಿಸುವ ತಾಕತ್ತು ಬರುವುದಿಲ್ಲ.

ಎಸ್‌ಎಂಪಿಎಸ್: ಪಟ್ಟಿಯ ಅತ್ಯಂತ ದುರ್ಬಲ ಸಾಲು

ಇಡೀ ಪಟ್ಟಿಯಲ್ಲಿ ಹೆಚ್ಚು ಭಯ ಹುಟ್ಟಿಸಬೇಕಾದ ಸಾಲು ಇದು. ‘500 ವಾಟ್’ ಎಂಬುದು ಪೆಟ್ಟಿಗೆಯ ಮೇಲಿನ ಸಂಖ್ಯೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ತಮ್ಮ ವಿದ್ಯುತ್ತನ್ನು ಹೆಚ್ಚುಕಡಿಮೆ ಪೂರ್ತಿಯಾಗಿ 12 ವೋಲ್ಟ್ ಸಾಲಿನಿಂದಲೇ ತೆಗೆದುಕೊಳ್ಳುತ್ತವೆ. ಅಗ್ಗದ ಎಸ್‌ಎಂಪಿಎಸ್‌ಗಳು 3.3 ಮತ್ತು 5 ವೋಲ್ಟ್ ಸಾಲುಗಳ ಅಂಕಿಯನ್ನೂ ಸೇರಿಸಿ ಮೊತ್ತವನ್ನು ದೊಡ್ಡದಾಗಿ ತೋರಿಸುತ್ತವೆ.

ಆದ್ದರಿಂದ ಲೇಬಲ್‌ನ ಫೋಟೊ ಕೇಳಿ. ಅದರಲ್ಲಿ +12V ಎಂಬ ಕಾಲಂ ಕೆಳಗೆ ಆಂಪಿಯರ್ ಲೆಕ್ಕ ಇರುತ್ತದೆ. ಅದನ್ನು 12ರಿಂದ ಗುಣಿಸಿ. 18A ಎಂದಿದ್ದರೆ ಸಿಗುವುದು 216 ವಾಟ್ ಮಾತ್ರ. ಈಗ ನಮ್ಮ ಪಿಸಿಯ ಲೆಕ್ಕ ನೋಡಿ: 8 ಜಿಬಿಯ 3050ಗೆ 130, ಪೂರ್ತಿ ದುಡಿಯುವಾಗ ಪ್ರೊಸೆಸರ್‌ಗೆ ಸುಮಾರು 90, ಫ್ಯಾನ್, ಲೈಟು, ಬೋರ್ಡ್ ಎಲ್ಲ ಸೇರಿ 40 ಎಂದಿಟ್ಟುಕೊಂಡರೆ 260 ವಾಟ್. ‘500 ವಾಟ್’ನ ಆ ಡಬ್ಬಿಗೆ ಇದು ಹೊರಲಾರದ ಭಾರ. ಕಾರ್ಡ್ 6 ಜಿಬಿಯದಾದರೆ ಮೊತ್ತ 200ಕ್ಕೆ ಇಳಿದು ಹೇಗೋ ನಡೆಯುತ್ತದೆ. ಅಗ್ಗದ ಎಸ್‌ಎಂಪಿಎಸ್ ಜೊತೆ ಚಿಕ್ಕ ಕಾರ್ಡ್ ಕೂಡಿಸುವುದು ಮಾರುವವರಿಗೆ ಅನುಕೂಲವಾಗುವುದು ಇದೇ ಕಾರಣಕ್ಕೆ. ಮುಂದೆ ಕಾರ್ಡ್ ಬದಲಿಸಲು ಹೊರಟಾಗ ಎಸ್‌ಎಂಪಿಎಸ್‌ಗೂ ನೀವೇ ಮತ್ತೆ ದುಡ್ಡು ಹಾಕಬೇಕಾಗುತ್ತದೆ. 12 ವೋಲ್ಟ್ ಸಾಲಿನಲ್ಲೇ 400 ವಾಟ್‌ಗಿಂತ ಹೆಚ್ಚು ಕೊಡುವ ಎಸ್‌ಎಂಪಿಎಸ್ ಇದ್ದರೆ ಈ ಪಿಸಿ ನಿಶ್ಚಿಂತೆಯಿಂದ ನಡೆಯುತ್ತದೆ. ಲೇಬಲ್‌ನಲ್ಲಿ +12V1, +12V2 ಎಂದು ಎರಡು ಕಾಲಂ ಇದ್ದರೆ ಅವನ್ನು ಕೂಡಿಸಬೇಡಿ, ಎರಡಕ್ಕೂ ಸೇರಿ ಕೊಟ್ಟಿರುವ ಗರಿಷ್ಠ ವಾಟ್ ಅನ್ನೇ ಹಿಡಿಯಿರಿ.

ಲೇಬಲ್ ಸಿಗದಿದ್ದರೆ ಕ್ಯಾಬಿನೆಟ್‌ನ ಹಿಂಬದಿಯ ಫೋಟೊ ಕೇಳಿ. ಪವರ್ ಕೇಬಲ್ ಸಿಕ್ಕಿಸುವ ಜಾಗದ ಪಕ್ಕ 115/230 ಎಂದು ಬರೆದ ಚಿಕ್ಕ ಕೆಂಪು ಸ್ವಿಚ್ ಕಂಡರೆ ಅದು ಹಳೆಯ ವಿನ್ಯಾಸದ, 80 ಪ್ಲಸ್ ಪ್ರಮಾಣಪತ್ರ ಇಲ್ಲದ ಎಸ್‌ಎಂಪಿಎಸ್ ಎಂದು ಬಹುಮಟ್ಟಿಗೆ ಖಚಿತ. 80 ಪ್ಲಸ್ ಎಂಬುದು ಗೋಡೆಯಿಂದ ಎಳೆದ ವಿದ್ಯುತ್ ಎಷ್ಟು ವ್ಯರ್ಥವಾಗದೆ ಬಳಕೆಯಾಗುತ್ತದೆ ಎಂದು ಅಳೆಯುವ ಪರೀಕ್ಷೆ. ಬಾಳಿಕೆಗೆ ಅದು ಖಾತರಿ ಅಲ್ಲ, ಆದರೂ ಅದಿಲ್ಲದ್ದನ್ನು ಗೇಮಿಂಗ್ ಪಿಸಿಗೆ ಹಾಕಿಸಬೇಡಿ. ಶಕ್ತಿ ಸಾಲದ ಎಸ್‌ಎಂಪಿಎಸ್‌ನ ಲಕ್ಷಣ ಒಂದೇ ಥರ ಇರುತ್ತದೆ: ಬ್ರೌಸರ್, ಸಿನಿಮಾ ಎಲ್ಲ ಸರಿಯಾಗಿ ನಡೆದು, ಗೇಮ್ ಶುರುವಾಗಿ ಸ್ವಲ್ಪ ಹೊತ್ತಿಗೆ ಯಾವ ಎಚ್ಚರಿಕೆಯೂ ಇಲ್ಲದೆ ಪಿಸಿ ಆಫ್ ಆಗುತ್ತದೆ ಅಥವಾ ರೀಸ್ಟಾರ್ಟ್ ಆಗುತ್ತದೆ.

ರ‍್ಯಾಮ್ ಮತ್ತು ಉಳಿದವು

‘16 ಜಿಬಿ’ ಒಂದೇ ಸ್ಟಿಕ್ಕೋ, 8 ಜಿಬಿಯ ಎರಡೋ ಎಂದು ಕೇಳಿ. 3200 ಸ್ಪೀಡಿನ ಒಂದು ಡಿಡಿಆರ್4 ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ. ಎರಡನ್ನು ಸರಿಯಾದ ಸ್ಲಾಟ್‌ಗಳಲ್ಲಿ ಕೂರಿಸಿದರೆ ಅದು 51.2 ಆಗುತ್ತದೆ. ಕ್ಯಾಶ್ ಕಡಿಮೆ ಇರುವ 5500ಗೆ ಇದು ಇನ್ನೂ ಮುಖ್ಯ, ಒಂಟಿ ಸ್ಟಿಕ್‌ನಲ್ಲಿ ಗೇಮ್ ನಡುನಡುವೆ ತಡವರಿಸುತ್ತದೆ. ಆದರೂ ಇದನ್ನು ದೊಡ್ಡ ದೋಷ ಎನ್ನಲಾಗದು. ಅಂಥದೇ ಇನ್ನೊಂದು ಸ್ಟಿಕ್ ಸೇರಿಸಿದರೆ ಸರಿಹೋಗುತ್ತದೆ.

ಎಸ್‌ಎಸ್‌ಡಿ ಹೆಚ್ಚು ವೇಗದ ಎನ್‌ವಿಎಂಇ ಬಗೆಯದಾಗಿರಲಿ, ಕಂಪನಿ ಹೆಸರು ಇರಲಿ, ಸಾಕು. 65 ವಾಟ್‌ನ ಈ ಪ್ರೊಸೆಸರ್‌ಗೆ ಎ520 ಬೋರ್ಡ್ ಕೂಡ ನಡೆಯುತ್ತದೆ, ಮಾಡೆಲ್ ಮಾತ್ರ ತಿಳಿದುಕೊಳ್ಳಿ.

ವಾರಂಟಿ ಸಾಲು ಬೇರೆಯೇ ಕಥೆ ಹೇಳುತ್ತದೆ. ಹೆಸರುವಾಸಿ ಕಂಪನಿಗಳ ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್‌ಗಳಿಗೆ ಸಾಮಾನ್ಯವಾಗಿ 3 ವರ್ಷ ಅಥವಾ ಹೆಚ್ಚು ವಾರಂಟಿ ಇರುತ್ತದೆ. ಎಲ್ಲಕ್ಕೂ ಸೇರಿ ‘1 ವರ್ಷ’ ಎಂದರೆ ಒಳಗಿರುವುದು ಹೆಸರಿಲ್ಲದ ಭಾಗಗಳಿರಬೇಕು, ಇಲ್ಲವೇ ಕಂಪನಿಯ ವಾರಂಟಿ ನಿಮಗೆ ದಾಟುತ್ತಿಲ್ಲ. ಬಿಲ್‌ನಲ್ಲಿ ಪ್ರತಿ ಭಾಗದ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಹಣ ಕೊಡುವ ಮುನ್ನ, ಪಿಸಿ ಬಂದ ಮೇಲೆ

ಮಾರುವವರಿಗೆ ಇಷ್ಟು ಬರೆದು ಕಳಿಸಿ: ‘3050 ಯಾವ ಕಂಪನಿಯದು, 8 ಜಿಬಿಯೋ 6 ಜಿಬಿಯೋ? ಎಸ್‌ಎಂಪಿಎಸ್ ಮಾಡೆಲ್ ಏನು, ಲೇಬಲ್ ಫೋಟೊ ಹಾಕಿ. ರ‍್ಯಾಮ್ ಎಷ್ಟು ಸ್ಟಿಕ್, ಎಷ್ಟು ಸ್ಪೀಡ್? ವಿಂಡೋಸ್‌ಗೆ ಲೈಸೆನ್ಸ್ ಇದೆಯಾ?’ ‘ಎಲ್ಲಾ ಬ್ರ್ಯಾಂಡೆಡ್ಡೇ ಸರ್’, ‘ಸ್ಟಾಕ್ ಇರೋದು ಹಾಕ್ತೀವಿ’ ಎಂಬ ಮಾತುಗಳು ಉತ್ತರವಲ್ಲ. ಮಾಡೆಲ್ ಹೆಸರುಗಳು ಬಂದರೆ ಬಿಡಿ ಭಾಗಗಳ ಬೆಲೆಯನ್ನು ಎರಡು ಅಂಗಡಿಗಳಲ್ಲಿ ನೋಡಿ ಕೂಡಿಸಿ. ಹೆಸರು ಬಾರದ ಭಾಗಕ್ಕೆ ಮಾರುಕಟ್ಟೆಯಲ್ಲಿ ಸಿಗುವ ಅತಿ ಅಗ್ಗದ ಬೆಲೆಯನ್ನೇ ಹಿಡಿಯಿರಿ.

ಪಿಸಿ ಬಂದ ದಿನವೇ ಪವರ್‌ಶೆಲ್ ತೆರೆದು ಈ ಮೂರನ್ನು ಒಂದೊಂದಾಗಿ ಕೊಡಿ:

```
Get-CimInstance Win32_PhysicalMemory | Select DeviceLocator, Capacity, ConfiguredClockSpeed
nvidia-smi --query-gpu=name,memory.total --format=csv
slmgr /xpr
```

ಮೊದಲನೆಯದರಲ್ಲಿ ಸ್ಟಿಕ್‌ಗೊಂದು ಸಾಲು ಬರುತ್ತದೆ. 3200ರ ಸ್ಟಿಕ್ 2400 ಅಥವಾ 2666 ತೋರಿಸಿದರೆ ರ‍್ಯಾಮ್ ತನ್ನ ಪೂರ್ತಿ ಸ್ಪೀಡಿನಲ್ಲಿ ಓಡಲು ಬಯಾಸ್‌ನಲ್ಲಿ ಇರುವ ಎಕ್ಸ್‌ಎಂಪಿ ಎಂಬ ಆಯ್ಕೆಯನ್ನು ಆನ್ ಮಾಡಿಲ್ಲ ಎಂದರ್ಥ, ಅದನ್ನು ನೀವೇ ಮಾಡಬಹುದು. ಎರಡನೆಯದು ಕಾರ್ಡ್‌ನ ಮೆಮೊರಿ ಹೇಳುತ್ತದೆ. ಮೂರನೆಯದರಲ್ಲಿ ಶಾಶ್ವತ ಆಕ್ಟಿವೇಷನ್ ಬದಲು ಮುಗಿಯುವ ದಿನಾಂಕ ಕಂಡರೆ, ಅದು ದೊಡ್ಡ ಸಂಸ್ಥೆಗಳು ಬಳಸುವ, 180 ದಿನಕ್ಕೊಮ್ಮೆ ನವೀಕರಿಸಬೇಕಾದ ಬಗೆಯ ಆಕ್ಟಿವೇಷನ್. ಮನೆಗೆ ಕೊಂಡ ಪಿಸಿಯಲ್ಲಿ ಅದು ಇರಬಾರದು.

ಕೊನೆಗೆ ಜಿಪಿಯು-ಜಡ್ ಎಂಬ ಉಚಿತ ತಂತ್ರಾಂಶ ಹಾಕಿ `Bus Width` ನೋಡಿ. 8 ಜಿಬಿಯ 3050 ಆದರೆ 128 ಇರಬೇಕು. ಹಳೆಯ ಕಾರ್ಡ್‌ನ ಬಯಾಸ್ ತಿದ್ದಿ ಹೊಸ ಹೆಸರು ಕೊಟ್ಟಿದ್ದರೆ ಹೆಸರಿನ ಮೊದಲಿಗೆ `[FAKE]` ಎಂದು ಬರುತ್ತದೆ. ಆಮೇಲೆ ಭಾರೀ ಗೇಮ್ ಒಂದನ್ನು ಒಂದು ಗಂಟೆ ಆಡಿಸಿ. ವಾಪಸ್ ಕೊಡುವ ಅವಧಿ ಮುಗಿಯುವವರೆಗೆ ಪ್ಯಾಕಿಂಗ್ ಡಬ್ಬಿಗಳನ್ನು ಎಸೆಯಬೇಡಿ.