ಅಂಟು ಹಚ್ಚುವ ಮೊದಲೇ ಕಸ ತೆಗೆಸಿ

ಒಂದು, ಎರಡನೇ ತರಗತಿ ಮಕ್ಕಳಿಂದ ಕಸದಿಂದ ಪ್ರಾಣಿಗಳನ್ನು ಮಾಡಿಸುವವರಿಗೆ: ಸ್ವಚ್ಛತೆಯನ್ನು ಕೊನೆಗೆ ಇಡಬೇಡಿ, ಕತ್ತರಿಸುವುದಕ್ಕೂ ಅಂಟಿಸುವುದಕ್ಕೂ ನಡುವೆ ಮುಗಿಸಿ. ಐದು ಮಕ್ಕಳಿಗೊಂದು ಚಪ್ಪಲಿ ಡಬ್ಬಿ ಕೊಟ್ಟು, ಮುಚ್ಚಳದಲ್ಲಿ ಅಂಗೈ ಹಿಡಿಸುವಷ್ಟು ಬಾಯಿ ಕೊರೆದು, ಕಣ್ಣು ಕೊಂಬು ಬರೆದು ಹಸು ಮಾಡಿಡಿ. ಮಕ್ಕಳು ಮಾಡುವುದು ತೆಂಗಿನ ಚಿಪ್ಪಿನ ಆಮೆ ಎಂದಿಟ್ಟುಕೊಳ್ಳಿ. ಹಳೆ ಮದುವೆ ಕಾರ್ಡಿನಲ್ಲಿ ನಾಲ್ಕು ಕಾಲು, ತಲೆ, ಬಾಲ ಕತ್ತರಿಸಿದ ಮೇಲೆ “ಹಸುವಿಗೆ ಹಸಿವು” ಅನ್ನಿ. ನೆಲದ ಚೂರೆಲ್ಲ ಬಾಯಿಗೆ ಹೋದ ಮೇಲೆಯೇ ಆ ಗುಂಪಿಗೆ ಅಂಟು. ಮಕ್ಕಳಿಗೆ ಅಂಟಿನ ಮೇಲೆ ಆಸೆ, ಹಾಗಾಗಿ ಬೇಗ ಹೆಕ್ಕುತ್ತಾರೆ. ಸ್ವಚ್ಛತೆಯನ್ನು ಕೊನೆಗಿಟ್ಟರೆ, ಆಮೆ ಕೈಗೆ ಬಂದಮೇಲೆ ಅದನ್ನು ಕೆಳಗಿಡಲು ಯಾರೂ ಒಪ್ಪುವುದಿಲ್ಲ, ಅಂಟುಗೈಗೆ ಚೂರುಗಳೂ ಮೆತ್ತಿಕೊಳ್ಳುತ್ತವೆ.

ಕಾಲಿನ ತುದಿಯನ್ನು ಒಂದು ಬೆರಳಗಲ ಮಡಚಿ, ಚಿಪ್ಪಿನ ಒಳಬದಿಗೆ ಅಂಟಿಸಬೇಕು. ಹೊರಗಿನ ನಾರಿನ ಮೇಲೆ ಅಂಟಿಸಿದರೆ ಎತ್ತಿದ ಕೂಡಲೇ ಉದುರುತ್ತದೆ. ಚಿಪ್ಪಿನ ಅಂಚನ್ನು ಮರಳು ಕಾಗದದಿಂದ ನೀವೇ ಮೊದಲು ಉಜ್ಜಿಡಿ, ಅದು ಮಕ್ಕಳ ಕೆಲಸವಲ್ಲ.

ಥರ್ಮಾಕೋಲ್ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಕಾಳುಗಳು ಫ್ಯಾನಿನ ಗಾಳಿಗೆ ಹಾರುತ್ತವೆ, ಬೆರಳಿಗಂಟಿ ಡಬ್ಬಿಗೆ ಬೀಳುವುದೇ ಇಲ್ಲ. ಅದನ್ನು ತರಿಸಲೇಬೇಡಿ. ಒಂದೇ ಡಬ್ಬಿಗೆ ಎಂಟು ಹತ್ತು ಮಕ್ಕಳಾದರೂ ಬಾಯಿಯ ಹತ್ತಿರ ನೂಕಾಟ ಶುರು. ಅಂಟಿಸುವಾಗ ಕೆಳಗೆ ಹಳೆ ಪೇಪರ್ ಹಾಸಿ, ಆಮೆಗಳನ್ನು ಪೇಪರ್ ಸಮೇತ ಕಿಟಕಿ ಬಳಿ ಮಗುಚಿಡಿ, ಕಾಲು ಮೇಲಿರಲಿ. ಮರುದಿನ ಮನೆಗೆ ಕೊಡಬಹುದು.