ಪಿಜಿನ್ ಕ್ರಿಯೋಲ್ ಆಗುವುದು ಹೇಗೆ? ಹವಾಯಿಯ ಕಬ್ಬಿನ ತೋಟದ ಕಥೆ

ಬೇರೆ ಬೇರೆ ಭಾಷೆಯ ಜನ ಕೆಲಸ ಸಾಗಿಸಲು ಹರಕುಮುರುಕಾಗಿ ಆಡಿಕೊಳ್ಳುವ ಮಾತಿಗೆ ಪಿಜಿನ್ ಎನ್ನುತ್ತಾರೆ. ಅದು ಯಾರ ಮನೆಮಾತೂ ಅಲ್ಲ. ಮಕ್ಕಳು ಅದನ್ನೇ ತಮ್ಮ ಮಾತಾಗಿ ಆಡುತ್ತಾ ಬೆಳೆದರೆ ಅದು ಕ್ರಿಯೋಲ್. ಹವಾಯಿಯಲ್ಲಿ ಇದು ನಡೆದು ಹೆಚ್ಚೇನೂ ಕಾಲವಾಗಿಲ್ಲ. 1970ರ ದಶಕದಲ್ಲೂ ಪಿಜಿನ್ ಆಡುವ ಮುದುಕರು ಅಲ್ಲಿದ್ದರು, ಡೆರೆಕ್ ಬಿಕರ್ಟನ್ ಎಂಬ ಭಾಷಾಶಾಸ್ತ್ರಜ್ಞ ಅವರ ಮಾತನ್ನು ಟೇಪ್ ಮಾಡಿಕೊಂಡರು.

ಮೊದಲು, ಜನ ಸೇರಬೇಕು

1876ರಿಂದ ಹವಾಯಿಯ ಸಕ್ಕರೆ ಸುಂಕವಿಲ್ಲದೆ ಅಮೆರಿಕಕ್ಕೆ ಹೋಗತೊಡಗಿತು. ಕಬ್ಬಿನ ತೋಟಗಳು ಬೆಳೆದವು, ಕೂಲಿಗಳು ಸಾಲಲಿಲ್ಲ. ಚೀನಾ, ಪೋರ್ಚುಗಲ್‌ನ ದ್ವೀಪಗಳು, 1885ರಿಂದ ಜಪಾನ್, ಆಮೇಲೆ ಕೊರಿಯಾ, ಫಿಲಿಪ್ಪೀನ್ಸ್, ಹೀಗೆ ಎಲ್ಲೆಲ್ಲಿಂದಲೋ ಜನ ಬಂದರು. ಎರಡೇ ಭಾಷೆಯವರಿದ್ದರೆ ಒಬ್ಬರು ಇನ್ನೊಬ್ಬರದ್ದನ್ನು ಕಲಿತುಬಿಡಬಹುದು. ಐದಾರು ಭಾಷೆಗಳಿದ್ದರೆ ಯಾರು ಯಾರದ್ದನ್ನು ಕಲಿಯಬೇಕು? ಮೊದಮೊದಲು ಹವಾಯಿ ಭಾಷೆಯ ಪದಗಳಿಂದಲೇ ಒಂದು ಪಿಜಿನ್ ನಡೆಯುತ್ತಿತ್ತು. ಬರಬರುತ್ತಾ ಇಂಗ್ಲಿಷ್ ಪದಗಳು ಜಾಸ್ತಿಯಾದವು.

ಆಮೇಲೆ, ಪದಗಳು ಹಂಚಿಕೆಯಾಗುತ್ತವೆ, ವ್ಯಾಕರಣ ಆಗುವುದಿಲ್ಲ

ಇದು ಗಮನಿಸಬೇಕಾದ ಜಾಗ. ಒಬ್ಬ ಜಪಾನಿ ಮುದುಕರ ಮಾತು ಹೀಗಿತ್ತು: 'ಮೀ ಕಾಪೆ ಬೈ, ಮೀ ಚೆಕ್ ಮೇಕ್.' ಅಂದರೆ, 'ಅವನು ನನ್ನ ಕಾಫಿ ಕೊಂಡುಕೊಂಡ, ನನಗೆ ಚೆಕ್ ಬರೆದುಕೊಟ್ಟ.' ಜಪಾನಿ ಭಾಷೆಯಲ್ಲಿ, ನಮ್ಮ ಕನ್ನಡದಂತೆಯೇ, ಕ್ರಿಯಾಪದ ಕೊನೆಗೆ ಬರುತ್ತದೆ. ಪದ ಇಂಗ್ಲಿಷಿನದ್ದಾದರೂ ಜೋಡಣೆ ಊರಿನದ್ದೇ. ಫಿಲಿಪ್ಪೀನ್ಸಿನಿಂದ ಬಂದವರೊಬ್ಬರು 'ವರ್ಕ್ ಹಾರ್ಡ್ ದಿಸ್ ಪೀಪಲ್' ಅಂದರು. ಅವರ ಭಾಷೆಯಲ್ಲಿ ಕ್ರಿಯಾಪದ ಮೊದಲಿಗೇ ಬರುತ್ತದೆ. ಕೊಂಡುಕೊಂಡಿದ್ದು ನಿನ್ನೆಯೋ, ನಾಳೆ ಕೊಳ್ಳುವುದೋ, ಯಾರು ಕೊಂಡರು, ಎಲ್ಲವನ್ನೂ ಸಂದರ್ಭ ನೋಡಿ ಊಹಿಸಬೇಕು. ಕಬ್ಬು ಕಡಿಯಲು ಇಷ್ಟು ಸಾಕು. ಜಗಳದ ವರದಿ ಒಪ್ಪಿಸಲು ಸಾಲದು, ಅಲ್ವಾ?

ಮೂರನೆಯದು, ಮಕ್ಕಳು ಒಟ್ಟಿಗೆ ಆಡಬೇಕು

ಕೂಲಿಗಳು ಸಂಸಾರ ಹೂಡಿದರು. ಮಕ್ಕಳು ಮನೆಯಲ್ಲಿ ಅಪ್ಪ-ಅಮ್ಮನ ಭಾಷೆ ಆಡುತ್ತಿದ್ದರು, ಬೀದಿಯಲ್ಲಿ ಮತ್ತು ಶಾಲೆಯಲ್ಲಿ ಸಿಗುತ್ತಿದ್ದ ಗೆಳೆಯರೊಡನೆ ಆ ಪಿಜಿನ್. ದಿನವಿಡೀ ಅದರಲ್ಲೇ ತಮಾಷೆ, ಜಗಳ, ಚಾಡಿ. ಆಗ ಬೇಕಾದದ್ದೆಲ್ಲ ಅದಕ್ಕೆ ಹುಟ್ಟಿಕೊಂಡಿತು. ಕ್ರಿಯಾಪದದ ಮುಂದೆ ಒಂದು ಚಿಕ್ಕ ಪದ ಕಾಯಂ ಆಗಿ ಕೂತಿತು: ಆಗಿಹೋದದ್ದಕ್ಕೆ ಮೊದಲು 'ಬಿನ್', ನಂತರ 'ವೆನ್', ಆಗುತ್ತಿರುವುದಕ್ಕೆ 'ಸ್ಟೇ', ಆಗಲಿರುವುದಕ್ಕೆ 'ಗೋ'. 'ಶೀ ವೆನ್ ಈಟ್' ಅಂದರೆ ತಿಂದಳು, 'ಶೀ ಸ್ಟೇ ಈಟ್' ಅಂದರೆ ತಿನ್ನುತ್ತಿದ್ದಾಳೆ. ಇಂಗ್ಲಿಷಿನಲ್ಲಿ 'ಸ್ಟೇ'ಗೆ ಈ ಕೆಲಸವೇ ಇಲ್ಲ.

ಇದೆಲ್ಲ ಎಲ್ಲಿಂದ ಬಂತು? ಮಕ್ಕಳ ಮಿದುಳಿನಲ್ಲೇ ಹುಟ್ಟಿನಿಂದ ಇರುವ ನಕ್ಷೆಯಿಂದ ಎಂದು ಬಿಕರ್ಟನ್ ವಾದಿಸಿದರು. ನನಗೆ ಅದು ಸ್ವಲ್ಪ ಆತುರದ ತೀರ್ಮಾನ ಅನಿಸುತ್ತದೆ. ಪೋರ್ಚುಗೀಸಿನಲ್ಲಿ 'ಇರು' ಎಂಬರ್ಥದ ಕ್ರಿಯಾಪದ ಇದೇ ಕೆಲಸ ಮಾಡುತ್ತದೆ, ಪೋರ್ಚುಗೀಸ್ ಮಕ್ಕಳು ಆ ಶಾಲೆಗಳಲ್ಲಿ ಬಹಳ ಇದ್ದರು. ಹಳೆಯ ದಾಖಲೆಗಳನ್ನು ಜಾಲಾಡಿದ ಸಾರಾ ರಾಬರ್ಟ್ಸ್ ಇನ್ನೊಂದು ವಿಷಯ ತೋರಿಸಿದರು: ಅಲ್ಲೇ ಹುಟ್ಟಿದ ಮೊದಲ ಪೀಳಿಗೆ ಎರಡು ಭಾಷೆ ಆಡುತ್ತಿತ್ತು, ಇದನ್ನೇ ಮೊದಲ ಭಾಷೆಯಾಗಿ ಕಲಿತವರು ಹೆಚ್ಚಾಗಿ ಅವರ ಮಕ್ಕಳು. ಒಂದೇ ತಲೆಮಾರಿನಲ್ಲಿ ಪವಾಡ ನಡೆಯಿತು ಅನ್ನುವಾಗ ಇದು ನೆನಪಿರಲಿ.

ಆಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ಜಪಾನಿ ಮೂಲದವರು, ಫಿಲಿಪ್ಪೀನ್ಸ್ ಮೂಲದವರು ಇಬ್ಬರಿಂದಲೂ ಒಂದೇ ವಿಷಯ ಹೇಳಿಸಿ. ಪದಗಳ ಜೋಡಣೆ ಕೇಳಿ 'ಇವರ ಮೂಲ ಇದು' ಅಂತ ಹೇಳಲಾದರೆ ಇನ್ನೂ ಪಿಜಿನ್. ಹೇಳಲಾಗದಿದ್ದರೆ ಕ್ರಿಯೋಲ್ ಆಗಿದೆ. ಹೆಸರು ನೋಡಿ ಮಾತ್ರ ಮೋಸಹೋಗಬೇಡಿ. ಹವಾಯಿಯವರು ತಮ್ಮ ಕ್ರಿಯೋಲನ್ನು ಇವತ್ತಿಗೂ 'ಪಿಜಿನ್' ಅಂತಲೇ ಕರೆಯುತ್ತಾರೆ.

ಹಂತ ತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಕಡೆಯ ಬಟ್ಲರ್ ಇಂಗ್ಲಿಷ್ ಇದೆ. ಮದ್ರಾಸ್ ಪ್ರಾಂತ್ಯದ ಬಂಗಲೆಗಳಲ್ಲಿ ಆಳುಗಳು ದೊರೆಗಳೊಡನೆ ಆಡುತ್ತಿದ್ದ ಮಾತದು. ಪಿಜಿನ್‌ನ ಗುಣ ಅದಕ್ಕೂ ಬಹಳಷ್ಟಿತ್ತು. ಆದರೆ ಬಟ್ಲರ್ ಸಂಜೆ ಮನೆಗೆ ಹೋದರೆ ಹೆಂಡತಿ, ಮಕ್ಕಳು, ನೆರೆಹೊರೆ ಎಲ್ಲರದ್ದೂ ತಮಿಳೋ ತೆಲುಗೋ ಕನ್ನಡವೋ. ಅವರ ಮಕ್ಕಳಿಗೆ ಬೀದಿಯಲ್ಲಿ ಆಡಲು ಆ ಇಂಗ್ಲಿಷ್ ಬೇಕೇ ಆಗಲಿಲ್ಲ.